ಪಕ್ಕದ ಮನೆ ಮೂಲೆ ಒಂದೇ ರಾತ್ರಿ ಕೂತುಬಿಟ್ಟಿತು. ಕಟ್ಟುವ ಮುಂಚೆ ನಮ್ಮ ಮಣ್ಣನ್ನು ನೋಡಿಕೊಳ್ಳೋದು ಹೇಗೆ?

ಸುನೀತಾ ಹೊಸಕೋಟೆ

ಎಲ್ಲರಿಗೂ ನಮಸ್ಕಾರ. ಹೊಸಕೋಟೆ ಕಡೆ ಒಂದು ಲೇಔಟಿನಲ್ಲಿ ನಮ್ಮ 30-40 ಸೈಟು ಇದೆ. ಮುಂದಿನ ತಿಂಗಳು ಪಾಯ ತೆಗೆಯಬೇಕು ಅಂತ ಇದ್ದೆವು. ಈಗ ಧೈರ್ಯ ಬರುತ್ತಿಲ್ಲ.

ಪಕ್ಕದ ಸೈಟಿನವರು ಮನೆ ಕಟ್ಟಿ ಎರಡು ವರ್ಷ ಆಯಿತು. ಕೆಳಗೊಂದು ಮನೆ, ಮೇಲೊಂದು ಮನೆ. ಎರಡು ವರ್ಷದಲ್ಲಿ ಗೋಡೆಯಲ್ಲಿ ಒಂದು ಕೂದಲೆಳೆ ಬಿರುಕೂ ಇರಲಿಲ್ಲ. ಈಶಾನ್ಯದಲ್ಲಿ ಸಂಪ್ ಇದೆ. ಅದಕ್ಕೆ ಹೋಗುವ ಪೈಪಿನ ಜಾಯಿಂಟ್ ನೆಲದೊಳಗೆ ಬಿಟ್ಟುಕೊಂಡಿತ್ತು. ಹತ್ತು ಹನ್ನೆರಡು ದಿನ ಗೊತ್ತೇ ಆಗಲಿಲ್ಲ, ನೀರು ಜಾಸ್ತಿ ಖರ್ಚಾಗುತ್ತಿದೆ ಅಂದುಕೊಂಡಿದ್ದರು. ಹೋದ ಗುರುವಾರ ರಾತ್ರಿ ಏನೋ ಬಿದ್ದ ಹಾಗೆ ಶಬ್ದ ಆಯಿತಂತೆ. ಬೆಳಿಗ್ಗೆ ಎದ್ದು ನೋಡಿದರೆ ದೇವರ ಮನೆ ಬಾಗಿಲು ಹಾಕಿಕೊಳ್ಳುತ್ತಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ, ಬೆರಳು ಹೋಗುವಷ್ಟು ಬಿರುಕು. ಆ ಮೂಲೆ ಎರಡು ಇಂಚು ಕೆಳಗೆ ಹೋಗಿದೆ.

ನಮ್ಮ ಸೈಟಿನಲ್ಲಿ ಮೇಸ್ತ್ರಿ ಐದು ಅಡಿ ಗುಂಡಿ ತೆಗೆದು ನೋಡಿದ್ದಾರೆ. ಪಿಕಾಸಿ ಹಾಕಿದರೆ ಟಣ್ ಅನ್ನುತ್ತದೆ. ಗುಂಡಿಯ ಗೋಡೆ ನೆಟ್ಟಗೆ ನಿಂತಿದೆ, ಒಂದು ಹಿಡಿ ಮಣ್ಣೂ ಉದುರಿಲ್ಲ. ಸಾಯಿಲ್ ಟೆಸ್ಟ್ ಕೂಡ ಆಗಿದೆ. ಏಪ್ರಿಲ್‌ನಲ್ಲಿ ಒಂದು ಬೋರ್ ಹಾಕಿ, ಸುತ್ತಿಗೆ ಏಟು ಎಣಿಸುವ ಎಸ್‌ಪಿಟಿ 18, ನೆಲ ಹೊರುವ ಭಾರ ಅಂದರೆ ಎಸ್‌ಬಿಸಿ ಚದರ ಮೀಟರಿಗೆ 15 ಟನ್ ಅಂತ ಕೊಟ್ಟಿದ್ದಾರೆ. ನನ್ನ ಭಯ ಏನೆಂದರೆ, ಪಕ್ಕದವರ ರಿಪೋರ್ಟ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು.

ಬಸವರಾಜ ಗದಗ

ಅಕ್ಕಾ, ಇದು ಎರೆ ಮಣ್ಣಿನ ಕೆಲಸ ನೋಡ್ರಿ. ನಮ್ಮ ಕಡೆ ಎಲ್ಲ ಇದೇ ಕಥೆ. ನೀರು ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆಳಕ್ಕೆ ಇಳಿಸಿ ಬುಡ ಅಗಲ ಮಾಡುವ ಅಂಡರ್ ರೀಮ್ ಪೈಲ್ ಹಾಕಿಸಿ, ಚಿಂತೆ ಬಿಡಿ. ನಮ್ಮ ಮನೆಗೆ ಅದನ್ನೇ ಹಾಕಿಸಿದ್ದು, 14 ವರ್ಷ ಆಯ್ತು.

ಸುನೀತಾ ಹೊಸಕೋಟೆ

ಬಸವರಾಜ್ ಅಣ್ಣ, ನಮ್ಮದು ಕೆಂಪು ಮಣ್ಣು. ಕಪ್ಪು ಮಣ್ಣು ಹುಡುಕಿದರೂ ಇಲ್ಲ.

ಪ್ರಸಾದ್ ಮಣ್ಣು ಲ್ಯಾಬ್

ಸುನೀತಾ ಅವರೇ, ಮೊದಲು ಒಂದು ಪ್ರಶ್ನೆ. ನಿಮ್ಮ ಲೇಔಟ್ ಇಳಿಜಾರಿನಲ್ಲಿ ಇದೆಯಾ? ಮೇಲಿನ ಕಡೆ ಕೊರೆದು ಕೆಳಗಿನ ಕಡೆ ತುಂಬಿ ಸಮ ಮಾಡಿದ್ದಾರಾ?

ಬಸವರಾಜ್ ಸರ್ ಹೇಳಿದ್ದು ಇದರ ಉಲ್ಟಾ ಜಾತಿ. ಎರೆ ಮಣ್ಣು ನೀರು ಕುಡಿದು ಮೇಲೆ ಎತ್ತುತ್ತದೆ, ಒಣಗಿದರೆ ಇಳಿಯುತ್ತದೆ, ಪ್ರತಿ ವರ್ಷ ಅದೇ ಆಟ. ಇಲ್ಲಿ ಆಗಿರುವುದು ಒಂದೇ ಸಲ, ಕೆಳಕ್ಕೆ ಮಾತ್ರ. ಎರಡು ವರ್ಷ ಸುಮ್ಮನಿದ್ದ ನೆಲ ನೀರು ಸಿಕ್ಕಿದ ಕೆಲವೇ ದಿನದಲ್ಲಿ ಕೂತಿದೆ. ಮನೆಯ ಭಾರ ಆ ಗುರುವಾರ ಹೆಚ್ಚಾಗಲಿಲ್ಲ, ಅಲ್ವಾ? ಬದಲಾದದ್ದು ನೀರು ಒಂದೇ.

ಮಂಡಕ್ಕಿ ಉಂಡೆ ನೆನಪು ಮಾಡಿಕೊಳ್ಳಿ. ಒಳಗೆಲ್ಲ ಗಾಳಿ, ಕಾಳುಗಳು ಅಲ್ಲಲ್ಲಿ ಮಾತ್ರ ಒಂದಕ್ಕೊಂದು ತಾಗಿರುತ್ತವೆ. ತಾಗಿದ ಕಡೆ ಬೆಲ್ಲದ ಪಾಕ ಒಣಗಿ ಹಿಡಿದಿರುತ್ತದೆ. ಒಣಗಿರುವವರೆಗೆ ಅದರ ಮೇಲೆ ಪುಸ್ತಕ ಇಟ್ಟರೂ ತಡೆಯುತ್ತದೆ. ಒಂದು ಚಮಚ ನೀರು ಬಿಟ್ಟರೆ ಪಾಕ ಕರಗಿ ಎಲ್ಲ ಕುಸಿದು ಅರ್ಧ ಆಗುತ್ತದೆ. ಸಡಿಲವಾಗಿ ಬಿದ್ದು ಒಣಗಿದ ಮಣ್ಣೂ ಹಾಗೇ. ಮರಳಿನ ಕಣಗಳ ಮಧ್ಯೆ ಸ್ವಲ್ಪ ಜೇಡಿ ಒಣಗಿ ಅಂಟಾಗಿರುತ್ತದೆ. ಜೊತೆಗೆ ಕಣಗಳ ಸಂದಿಯಲ್ಲಿ ಉಳಿದ ಚೂರು ತೇವ ಕೂಡ ಅವನ್ನು ಒಳಗೆ ಎಳೆದು ಬಿಗಿ ಹಿಡಿದಿರುತ್ತದೆ. ನೀರು ತುಂಬಿದ ಕೂಡಲೇ ಎರಡೂ ಹೋಗುತ್ತವೆ.

ಅದಕ್ಕೇ ಪಿಕಾಸಿ ಟಣ್ ಅನ್ನುವುದೂ, ಗುಂಡಿಯ ಗೋಡೆ ನೆಟ್ಟಗೆ ನಿಲ್ಲುವುದೂ ನಿಮಗೆ ಸಮಾಧಾನ ಕೊಡಬಾರದು. ಒಣಗಿದ ಮಂಡಕ್ಕಿ ಉಂಡೆಯೂ ಗಟ್ಟಿಯೇ.

ಶಿವು ಸ್ಟ್ರಕ್ಚರಲ್

ಒಪ್ಪುವುದಿಲ್ಲ ಸರ್. ಎಸ್‌ಪಿಟಿ 18 ಅಂದರೆ 18. ಸಡಿಲ ಮಣ್ಣಿಗೆ 4, 5, ಹೆಚ್ಚೆಂದರೆ 8 ಬರುತ್ತದೆ. ನಾನು ಹನ್ನೊಂದು ವರ್ಷದಿಂದ ಇದೇ ನಂಬರ್ ನೋಡಿಕೊಂಡು ಫುಟಿಂಗ್ ಡಿಸೈನ್ ಮಾಡುತ್ತಿದ್ದೇನೆ. ಸುಮ್ನೆ ಜನರನ್ನು ಹೆದರಿಸಬೇಡಿ. ಪಕ್ಕದ ಮನೆಯಲ್ಲಿ ಹತ್ತು ದಿನ ನೀರು ಹರಿದು ಮಣ್ಣನ್ನೇ ಕೊಚ್ಚಿಕೊಂಡು ಹೋಗಿರಬಹುದು.

ಪ್ರಸಾದ್ ಮಣ್ಣು ಲ್ಯಾಬ್

ಶಿವು, ಕೊಚ್ಚಿಹೋಗಿದ್ದರೆ ಆ ಮಣ್ಣು ಎಲ್ಲೋ ಹೊರಗೆ ಬಂದಿರಬೇಕು. ಚರಂಡಿಯಲ್ಲಿ ಕೆಂಪು ನೀರು, ಗೋಡೆ ಬುಡದಲ್ಲಿ ತೂತು, ಏನಾದರೂ ಕಾಣಬೇಕು. ಸುನೀತಾ ಅವರೇ, ಪಕ್ಕದವರನ್ನು ಇದೊಂದು ಕೇಳಿ.

ಇನ್ನು ಎಸ್‌ಪಿಟಿ. ಆ 18 ಏಪ್ರಿಲ್ ತಿಂಗಳ 18. ರಿಪೋರ್ಟಿನಲ್ಲಿ ಅದೇ ಆಳದ ತೇವಾಂಶ ಎಷ್ಟು ಬರೆದಿದೆ ನೋಡಿ. 6, 7 ಪರ್ಸೆಂಟ್ ಇದ್ದರೆ ನೀವು ಅಳೆದದ್ದು ಒಣ ಅಂಟಿನ ಬಲವನ್ನು. ಅದೇ ಜಾಗವನ್ನು ನೆನೆಸಿ ಮತ್ತೆ ಸುತ್ತಿಗೆ ಬಿಟ್ಟರೆ ನಂಬರ್ ಅರ್ಧಕ್ಕಿಂತ ಕೆಳಗೆ ಇಳಿದಿದ್ದನ್ನು ನಾನೇ ನೋಡಿದ್ದೇನೆ. ಒಣ ನೆಲದ ಮೇಲೆ ಪ್ಲೇಟ್ ಲೋಡ್ ಟೆಸ್ಟ್ ಮಾಡಿದರೂ ಇದೇ ಮೋಸ.

ಸುನೀತಾ ಹೊಸಕೋಟೆ

ಹೌದು ಸರ್, ಇಳಿಜಾರು ಇತ್ತು. ಹಳಬರು ಹೇಳುವ ಪ್ರಕಾರ ನಮ್ಮ ಸೈಟಿನ ಈಶಾನ್ಯದ ಕಡೆ ತಗ್ಗು. ಮೇಲಿನ ಬೀದಿಯಿಂದ ಕೊರೆದ ಮಣ್ಣನ್ನು ಬೇಸಿಗೆಯಲ್ಲಿ ಟಿಪ್ಪರಿನಲ್ಲಿ ತಂದು ಸುರಿದು, ಜೆಸಿಬಿಯಿಂದ ಎಳೆದಿದ್ದಾರೆ. ರೋಲರ್ ಬಂದಿದ್ದನ್ನು ಯಾರೂ ನೋಡಿಲ್ಲ. ಪಕ್ಕದವರ ಹತ್ತಿರ ಕೇಳಿದೆ, ಕೆಂಪು ನೀರು ಎಲ್ಲೂ ಬಂದಿಲ್ಲವಂತೆ. ರಿಪೋರ್ಟಿನಲ್ಲಿ ತೇವಾಂಶ 7 ಅಂತ ಇದೆ. ಆ ಬೋರ್ ಹಾಕಿದ್ದು ರಸ್ತೆ ಪಕ್ಕ, ಅಂದರೆ ನೈಋತ್ಯದ ಮೂಲೆಯಲ್ಲಿ.

ನವೀನ್ ಕೆ

ಅಂದರೆ ಬೋರ್ ಹಾಕಿದ್ದೇ ಒಳ್ಳೆ ಮೂಲೆಯಲ್ಲಿ!

ವಾಣಿ ಭಟ್

ಇದನ್ನು ಓದಿ ನನಗೆ ಹೊಳೆಯಿತು. ವಾಸ್ತು ಪ್ರಕಾರ ಈಶಾನ್ಯಕ್ಕೆ ಇಳಿಜಾರಿರುವ ಜಾಗವನ್ನೇ ಎಲ್ಲರೂ ಹುಡುಕಿ ಕೊಳ್ಳುತ್ತಾರೆ. ಸಂಪ್ ಇಡುವುದೂ ಈಶಾನ್ಯದಲ್ಲೇ. ಅಂದರೆ ಅತಿ ಹೆಚ್ಚು ತುಂಬಿದ ಮಣ್ಣು ಎಲ್ಲಿದೆಯೋ ಅಲ್ಲೇ ನೀರೂ ಇರುತ್ತದೆ. ನಮ್ಮ ಅಣ್ಣನ ಮನೆಯಲ್ಲೂ ಹೀಗೇ ಇದೆ. ವಾಸ್ತು ಬಿಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ. ಆದರೆ ಆ ಮೂಲೆಯ ಮಣ್ಣನ್ನು ಎರಡು ಸಲ ನೋಡಬೇಕು.

ರಂಗಸ್ವಾಮಿ ಮೇಸ್ತ್ರಿ

30 ವರ್ಷ ಗಾರೆ ಕೆಲಸ ಮಾಡಿದವನು ಹೇಳುತ್ತೇನೆ ಕೇಳಮ್ಮ. ತುಂಬಿದ ಮಣ್ಣು ಅಂದರೆ ಒಂದು ಮಳೆಗಾಲ ಬಿಡಬೇಕು. ಇಲ್ಲದಿದ್ದರೆ ಸೈಟಿನ ಸುತ್ತ ಬದು ಕಟ್ಟಿ ಹದಿನೈದು ದಿನ ನೀರು ನಿಲ್ಲಿಸು. ಕೂರುವುದೆಲ್ಲ ಕೂತುಬಿಡುತ್ತದೆ. ಆಮೇಲೆ ಪಾಯ ಹಾಕು. ಈ ಲ್ಯಾಬು ಗೀಬು ಎಲ್ಲ ಏತಕ್ಕೆ?

ಫ್ರೆಸ್ನೋ ಅನಿತಾ

ಮೇಸ್ತ್ರಿಯವರ ಮಾತಿಗೆ ನಮ್ಮ ಊರಲ್ಲಿ ದೊಡ್ಡ ಉದಾಹರಣೆ ಇದೆ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ, ನೀರಾವರಿ ಇಲಾಖೆಯ ಕೆಲಸ. ಕಣಿವೆಯ ಪಶ್ಚಿಮದ ಅಂಚಿನಲ್ಲಿ ಬೆಟ್ಟಗಳಿಂದ ಕೆಸರು ಹರಿದು ಬಂದು ಬೀಸಣಿಗೆಯ ಹಾಗೆ ಹರಡಿ ಒಣಗಿದ ಮಣ್ಣಿದೆ. ಮಳೆ ತೀರಾ ಕಮ್ಮಿ. ಬೇರಿನ ಆಳಕ್ಕಿಂತ ಕೆಳಗೆ ಆ ಮಣ್ಣು ನೀರನ್ನೇ ಸರಿಯಾಗಿ ಕಂಡಿರಲಿಲ್ಲ. ರೈತರು ನೀರಾವರಿ ಶುರು ಮಾಡಿದ ಮೇಲೆ ಹೊಲಗಳು ಕುಸಿದವು, ಕಾಲುವೆ ಒಡೆದವು, ಬಾವಿಯ ಪೈಪುಗಳು ಸೊಟ್ಟಗಾದವು. ನೆಲ ಕೆಲವು ಕಡೆ 1 ಮೀಟರ್, ಕೆಲವು ಕಡೆ 5 ಮೀಟರಿನ ತನಕ ಇಳಿದಿದೆ.

1960ರ ದಶಕದಲ್ಲಿ ಅಲ್ಲೇ ಕ್ಯಾಲಿಫೋರ್ನಿಯಾ ಅಕ್ವಿಡಕ್ಟ್ ಕಾಲುವೆ ಕಟ್ಟಬೇಕಾಯಿತು. ಕಾಂಕ್ರೀಟ್ ಹಾಕಿದ ಮೇಲೆ ಕುಸಿದರೆ ಕಥೆ ಮುಗಿಯಿತು. ಅದಕ್ಕೆ ಕಾಲುವೆ ಹೋಗುವ ದಾರಿಯುದ್ದಕ್ಕೂ ಮೊದಲೇ ಹೊಂಡ ಕಟ್ಟಿ, ತಿಂಗಳುಗಟ್ಟಲೆ ನೀರು ನಿಲ್ಲಿಸಿ, ನೆಲ ಕುಸಿಯುವುದನ್ನೆಲ್ಲ ಕುಸಿಯಲು ಬಿಟ್ಟು ಆಮೇಲೆ ಕಟ್ಟಿದರು. ಹೊಂಡದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ನೆಲ ಬಿರಿದಿರುವ ಹಳೆ ಫೋಟೋಗಳು ನಮ್ಮ ಆಫೀಸಿನಲ್ಲೂ ಇವೆ.

ರಂಗಸ್ವಾಮಿ ಮೇಸ್ತ್ರಿ

ನೋಡಿ, ಅಮೆರಿಕದಲ್ಲೂ ನಾನು ಹೇಳಿದ್ದನ್ನೇ ಮಾಡಿದ್ದಾರೆ.

ಪ್ರಸಾದ್ ಮಣ್ಣು ಲ್ಯಾಬ್

ರಂಗಣ್ಣ, ನಿಮ್ಮದು ಅರ್ಧ ಸರಿ. ಇನ್ನರ್ಧ ಇಲ್ಲಿ ಕೈಕೊಡುತ್ತದೆ.

ಅನಿತಾ ಅವರ ಊರಲ್ಲಿ ಆ ಸಡಿಲ ಮಣ್ಣು ಹತ್ತಾರು ಮೀಟರ್ ದಪ್ಪ. ಕೆಳಗಿನ ಪದರದ ಮೇಲೆ ಮಣ್ಣಿನದೇ ಭಾರ ಎಷ್ಟೋ ಇದೆ. ನೀರು ಕೊಟ್ಟರೆ ಸಾಕು, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸುನೀತಾ ಅವರದು ಎಂಟು ಒಂಬತ್ತು ಅಡಿ ತುಂಬು ಅಂತ ಇಟ್ಟುಕೊಳ್ಳೋಣ. ತೀರಾ ತಳದಲ್ಲೂ ಮಣ್ಣಿನ ಭಾರ ಚದರ ಮೀಟರಿಗೆ 4 ಟನ್, ನಡುವೆ 2 ಟನ್. ನೀರು ನಿಲ್ಲಿಸಿದರೆ ಅಷ್ಟು ಭಾರಕ್ಕೆ ಎಷ್ಟು ಕುಸಿಯಬೇಕೋ ಅಷ್ಟೇ ಕುಸಿಯುತ್ತದೆ. ಆಮೇಲೆ ನೀವು ಫುಟಿಂಗ್ ಇಟ್ಟು 12, 15 ಟನ್ ಹೇರುತ್ತೀರಿ. ಅಷ್ಟರಲ್ಲಿ ಮಣ್ಣು ಮತ್ತೆ ಒಣಗಿ ಗಟ್ಟಿಯಾಗಿರುತ್ತದೆ. ಮುಂದೆ ಯಾವತ್ತೋ ಪೈಪ್ ಒಡೆದಾಗ ಉಳಿದ ಕುಸಿತ ಮನೆಯ ಕೆಳಗೆ ಆಗುತ್ತದೆ. ಮಳೆಗಾಲ ಬಿಟ್ಟರೂ ಇದೇ. ಅದರ ಮೇಲೆ, ಮೇಲ್ಮೈ ಗಟ್ಟಿಯಾದ ತುಂಬಿನಲ್ಲಿ ಮಳೆ ನೀರು ಬಹಳ ಸಲ ಮೂರು ಅಡಿಯೂ ಇಳಿಯುವುದಿಲ್ಲ.

ರಂಗಸ್ವಾಮಿ ಮೇಸ್ತ್ರಿ

ನಾನು ಹಾಗೆ ನೀರು ಕಟ್ಟಿ ಕಟ್ಟಿದ ಮನೆಗಳು ಇವತ್ತಿಗೂ ನಿಂತಿವೆ ಸ್ವಾಮಿ.

ಪ್ರಸಾದ್ ಮಣ್ಣು ಲ್ಯಾಬ್

ನಿಂತಿರುತ್ತವೆ ರಂಗಣ್ಣ. ಹಳೆಯ ಒಂದಂತಸ್ತಿನ ಮನೆ, ಕಲ್ಲಿನ ಪಾಯ ಅಗಲವಾಗಿ ಹಾಕುತ್ತಿದ್ದಿರಿ, ಭಾರ ಕಮ್ಮಿ. ಈಗಿನದು ಎರಡು ಮೂರು ಅಂತಸ್ತು, ನಾಲ್ಕಡಿ ನಾಲ್ಕಡಿ ಫುಟಿಂಗ್ ಮೇಲೆ ಕಾಲಂ. ಒಂದೊಂದು ಜಾಗಕ್ಕೆ ಬೀಳುವ ಒತ್ತಡ ಬೇರೆ.

ಸುನೀತಾ ಹೊಸಕೋಟೆ

ಸರ್, ಲ್ಯಾಬಿಗೆ ಹೋಗುವ ಮುಂಚೆ ನಾವೇ ಏನಾದರೂ ನೋಡಬಹುದಾ? ನಮ್ಮ ಯಜಮಾನರು ಮತ್ತೆ ದುಡ್ಡು ಖರ್ಚಾ ಅಂತ ಕೇಳುತ್ತಿದ್ದಾರೆ.

ಪ್ರಸಾದ್ ಮಣ್ಣು ಲ್ಯಾಬ್

ನೋಡಬಹುದು. ದಕ್ಷಿಣ ಆಫ್ರಿಕಾದ ಜೆನ್ನಿಂಗ್ಸ್ ಮತ್ತು ನೈಟ್ ಅನ್ನುವವರು ಈ ಮಣ್ಣಿನ ಮೇಲೆ 1950ರ ದಶಕದಿಂದ ಕೆಲಸ ಮಾಡಿದವರು. ಅವರು ಹೇಳಿಕೊಟ್ಟ ಸುಲಭದ ದಾರಿ ಒಂದಿದೆ. ಈಶಾನ್ಯದ ಮೂಲೆಯಲ್ಲಿ ಗುಂಡಿ ತೆಗೆಸಿ. ಆರು ಅಡಿ ಆಳದಲ್ಲಿ ಗೋಡೆಯಿಂದ ಒಂದು ದೊಡ್ಡ ಹೆಂಟೆಯನ್ನು ಕತ್ತಿಯಿಂದ ಮೆಲ್ಲಗೆ ಕೊಯ್ದು ತೆಗೆಯಿರಿ. ಹಾರೆ ಹಾಕಿ ಬಡಿಯಬೇಡಿ. ಅದರಿಂದ ಅಡುಗೆ ಮನೆಯ ಚಾಕುವಿನಲ್ಲಿ ಎರಡು ಕೋಲು ಕೆತ್ತಿ. ಎರಡೂ ಒಂದೇ ದಪ್ಪ, ಒಂದೇ ಉದ್ದ. ಎರಡಿಂಚು ದಪ್ಪ, ನಾಲ್ಕಿಂಚು ಉದ್ದ ಇದ್ದರೆ ಸಾಕು.

ಒಂದನ್ನು ಹಾಗೇ ಇಡಿ. ಇನ್ನೊಂದಕ್ಕೆ ನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹಾಗೆ ನಾದಿ, ಮತ್ತೆ ಅದೇ ದಪ್ಪದ ಕೋಲು ಮಾಡಿ. ಎರಡಿಂಚಿನ ಪೈಪಿನ ತುಂಡು ಇದ್ದರೆ ಅಚ್ಚಿಗೆ ಅನುಕೂಲ. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಾದಿದ್ದು ಕಣ್ಣಿಗೆ ಕಾಣುವಷ್ಟು ಗಿಡ್ಡ ಆಗಿದ್ದರೆ ಒಳಗೆ ಅಷ್ಟು ಟೊಳ್ಳಿತ್ತು ಅಂತ ಅರ್ಥ. ಒಡೆದ ಹೆಂಟೆಯಲ್ಲಿ ಸೂಜಿಮೊನೆಯಂಥ ತೂತುಗಳು ಕಾಣುತ್ತವಾ ಅಂತಲೂ ನೋಡಿ.

ಇನ್ನೊಂದು ಇನ್ನೂ ಸುಲಭ. ಗುಂಡಿಯಿಂದ ತೆಗೆದ ಮಣ್ಣನ್ನೆಲ್ಲ ತುಳಿದು ತುಳಿದು ಅದೇ ಗುಂಡಿಗೆ ತುಂಬಿಸಿ. ಸಾಮಾನ್ಯವಾಗಿ ಮಣ್ಣು ಉಳಿಯುತ್ತದೆ. ಗುಂಡಿಯೇ ತುಂಬದೆ ತಗ್ಗು ಉಳಿದರೆ ಎಚ್ಚರ.

ರಂಗಸ್ವಾಮಿ ಮೇಸ್ತ್ರಿ

ಈ ಗುಂಡಿ ತುಂಬುವುದು ನಮ್ಮ ತಾತನೂ ಮಾಡುತ್ತಿದ್ದರು. ಮಣ್ಣು ಉಳಿದರೆ ಮನೆ ಕಟ್ಟು, ಸಾಲದೆ ಬಂದರೆ ಬೇಡ ಅಂತಿದ್ದರು. ಅದಕ್ಕೆ ಇದು ಕಾರಣ ಅಂತ ಗೊತ್ತಿರಲಿಲ್ಲ.

ವಾಣಿ ಭಟ್

ಹೌದು ಹೌದು, ಭೂಮಿ ಪರೀಕ್ಷೆಗೆ ನಮ್ಮ ಮಾವನೂ ಇದನ್ನೇ ಮಾಡಿಸಿದ್ದರು.

ನವೀನ್ ಕೆ

ಸ್ವಲ್ಪ ಬೇರೆ ವಿಷಯ. ನಾವು ನೋಡಿರುವ ಫ್ಲ್ಯಾಟ್ ಹಳೇ ಕೆರೆ ಅಂಗಳದಲ್ಲಿದೆ ಅಂತ ಯಾರೋ ಹೇಳಿದರು. ಅದಕ್ಕೂ ಇದೇ ಸಮಸ್ಯೆನಾ?

ಪ್ರಸಾದ್ ಮಣ್ಣು ಲ್ಯಾಬ್

ಅದು ಬೇರೆ ನವೀನ್. ಕೆರೆಯ ಹೂಳು ಮೊದಲೇ ನೆಂದಿರುತ್ತದೆ. ಅದು ಭಾರಕ್ಕೆ ನೀರು ಹಿಂಡಿಕೊಂಡು ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಆದರೆ ಕೆರೆಯ ಮೇಲೆ ಒಣ ಮಣ್ಣು, ಕಟ್ಟಡದ ಕಸ ತುಂಬಿದ್ದರೆ ಆ ತುಂಬಿಗೆ ಇಲ್ಲಿ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಸುನೀತಾ ಹೊಸಕೋಟೆ

ಭಾನುವಾರ ಇಡೀ ದಿನ ಇದೇ ಕೆಲಸ ಮಾಡಿದೆವು. ಈಶಾನ್ಯದ ಗುಂಡಿಯಲ್ಲಿ ಒಂಬತ್ತು ಅಡಿಗೆ ಮಣ್ಣಿನ ಬಣ್ಣ ಬದಲಾಯಿತು. ಅಲ್ಲಿ ಹಳೇ ಹೊಲದ ಬೇರು, ಕಪ್ಪಗಿನ ತೆಳು ಪದರ ಸಿಕ್ಕಿತು. ಅದರ ಕೆಳಗೆ ಮೂಲ ನೆಲ. ನೈಋತ್ಯದಲ್ಲಿ ಅದೇ ನೆಲ ಎರಡೇ ಅಡಿಗೆ ಸಿಕ್ಕಿತು.

ಆರು ಅಡಿಯ ಮಣ್ಣಿನಿಂದ ಕೋಲು ಕೆತ್ತಿದೆ. ಮೂರು ಸಲ ಮುರಿಯಿತು, ನಾಲ್ಕನೇ ಸಲ ಬಂತು. 10 ಸೆಂಟಿಮೀಟರ್ ಇದ್ದದ್ದು ನಾದಿ ಪೈಪಿನಲ್ಲಿ ಒತ್ತಿದ ಮೇಲೆ ಸ್ಕೇಲ್ ಇಟ್ಟು ನೋಡಿದೆ, 8.2. ಮಗ ಅಳತೆ ತಪ್ಪು ಅಂದ. ಇನ್ನೊಂದು ಮಾಡಿದೆವು, ಅದೂ 8ರ ಮೇಲೆ ಸ್ವಲ್ಪ. ಮೂಲ ನೆಲದ ಮಣ್ಣಿನಿಂದ ಮಾಡಿದ್ದು ಹೆಚ್ಚುಕಮ್ಮಿ ಅಷ್ಟೇ ಉದ್ದ ಉಳಿಯಿತು. ಗುಂಡಿ ತುಂಬಿಸಿದಾಗ ಅರ್ಧ ಅಡಿಗಿಂತ ಜಾಸ್ತಿ ತಗ್ಗು ಉಳಿಯಿತು. ಈಗ ಯಜಮಾನರೇ ಲ್ಯಾಬಿಗೆ ಫೋನ್ ಮಾಡಿ ಅನ್ನುತ್ತಿದ್ದಾರೆ.

ಶಿವು ಸ್ಟ್ರಕ್ಚರಲ್

ಒಂಬತ್ತು ಅಡಿ ತುಂಬು ಅಂತ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ. ಅದಿದ್ದಿದ್ದರೆ ನಾನೂ 15 ಟನ್ ಒಪ್ಪುತ್ತಿರಲಿಲ್ಲ. ಆದರೂ ಕೋಲು ಗಿಡ್ಡ ಆಯಿತು ಅಂತ ಡಿಸೈನ್ ಬದಲಿಸಲು ಆಗುವುದಿಲ್ಲ, ನಂಬರ್ ಬೇಕು.

ಪ್ರಸಾದ್ ಮಣ್ಣು ಲ್ಯಾಬ್

ನಂಬರ್ ಬೇಕು, ಅದು ಸರಿ. ಕೋಲು ಅನುಮಾನವನ್ನು ಮಾತ್ರ ಹೇಳುತ್ತದೆ, ಎಷ್ಟು ಕುಸಿಯುತ್ತದೆ ಅಂತ ಹೇಳುವುದಿಲ್ಲ.

ಸುನೀತಾ ಅವರೇ, ಲ್ಯಾಬಿನವರಿಗೆ ಎರಡು ಕೆಲಸ ಹೇಳಿ. ಮೊದಲನೆಯದು ಕೋರ್ ಕಟರಿನಲ್ಲಿ ಸಾಂದ್ರತೆ, ಜೊತೆಗೆ ತೇವಾಂಶ ಮತ್ತು ಲಿಕ್ವಿಡ್ ಲಿಮಿಟ್. ಇದು ದುಬಾರಿ ಅಲ್ಲ. ಎರಡನೆಯದು ಕನ್ಸಾಲಿಡೇಶನ್ ಯಂತ್ರದಲ್ಲಿ ಒಣಗಿದ್ದ ಹಾಗೇ ಭಾರ ಹೇರಿ, ಆಮೇಲೆ ನೀರು ಬಿಟ್ಟು ಅಳೆಯುವುದು. "ಒಣ ಸ್ಥಿತಿಯಲ್ಲಿ ಭಾರ, ನಂತರ ನೀರು" ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ರೂಢಿಯ ಹಾಗೆ ಮೊದಲೇ ನೆನೆಸಿಬಿಡುತ್ತಾರೆ. ಆಗ ನಮಗೆ ಬೇಕಾದದ್ದೇ ಕಾಣುವುದಿಲ್ಲ.

ಮಾದರಿಯ ವಿಷಯದಲ್ಲಿ ಹಟ ಮಾಡಿ. ಬೋರಿನಲ್ಲಿ ಟ್ಯೂಬ್ ಬಡಿದು ತೆಗೆದರೆ ಈ ಮಣ್ಣು ಟ್ಯೂಬಿನೊಳಗೇ ಅಡಕವಾಗುತ್ತದೆ. ರಿಸಲ್ಟ್ ಒಳ್ಳೆಯದಾಗಿ ಬರುತ್ತದೆ, ಆಮೇಲೆ ಮನೆ ಕುಸಿಯುತ್ತದೆ. ಗುಂಡಿಯ ಗೋಡೆಯಿಂದ ಕೈಯಲ್ಲಿ ಕೊಯ್ದ ಒಂದಡಿ ಚೌಕದ ಹೆಂಟೆ ಬೇಕು. ಪ್ಲಾಸ್ಟಿಕ್ ಸುತ್ತಿ, ಮೇಣ ಹಚ್ಚಿ, ಹುಲ್ಲಿನ ಮೇಲಿಟ್ಟು ಸಾಗಿಸಬೇಕು.

ಕಿರಣ್ ತುಮಕೂರು

ನಮ್ಮ ಅನುಭವ ಹೇಳುತ್ತೇನೆ, ಸುನೀತಾ ಮೇಡಂಗೆ ಉಪಯೋಗ ಆಗಬಹುದು. ನಮ್ಮದೂ ತುಂಬಿದ ಸೈಟು, ಏಳು ಅಡಿ. ಎಂಜಿನಿಯರ್ ಬುದ್ಧಿವಂತರು, ಎಲ್ಲ ಕಾಲಮ್ಮನ್ನೂ ಮೂಲ ನೆಲಕ್ಕೇ ಇಳಿಸಿದರು. ಖರ್ಚು ಬಂತು, ಒಪ್ಪಿಕೊಂಡೆವು. ಮನೆ ಒಂದು ಕೂದಲಷ್ಟೂ ಅಲುಗಿಲ್ಲ. ಆದರೆ ನೆಲ? ಬಚ್ಚಲಿನ ಪೈಪು ಸೋರಿ ಹಾಲಿನ ಟೈಲ್ಸ್ ಕೆಳಗೆ ಮಣ್ಣು ಕುಸಿದು ಟೊಳ್ಳಾಯಿತು. ನಡೆದರೆ ಡಬ ಡಬ ಶಬ್ದ. ಒಂದು ದಿನ ಸೋಫಾ ಕಾಲಿನ ಹತ್ತಿರ ನಾಲ್ಕು ಟೈಲ್ಸ್ ಒಳಗೆ ಹೋಯಿತು. ಆಮೇಲೆ ನೋಡಿದರೆ ಸ್ಯಾನಿಟರಿ ಪೈಪ್ ಮಣ್ಣಿನ ಜೊತೆ ಇಳಿದು ಇನ್ನೊಂದು ಕಡೆಯೂ ಮುರಿದಿತ್ತು. ಸೋರಿಕೆಯಿಂದ ಕುಸಿತ, ಕುಸಿತದಿಂದ ಮತ್ತೆ ಸೋರಿಕೆ. ಇಡೀ ಹಾಲ್ ಅಗೆದು ಮಾಡಿಸಬೇಕಾಯಿತು.

ಶಿವು ಸ್ಟ್ರಕ್ಚರಲ್

ಕಿರಣ್, ಇದು ನಿಜವಾಗಿ ಉಪಯೋಗದ ಮಾತು. ಕಾಲಂ ಇಳಿಸಿದರೆ ನೆಲವನ್ನೂ ಬೀಮಿನ ಮೇಲೆ ಸ್ಲ್ಯಾಬ್ ಮಾಡಿ ಕೂರಿಸಬೇಕು. ಇಲ್ಲವೇ ತುಂಬನ್ನು ಸರಿ ಮಾಡಬೇಕು.

ಸುನೀತಾ ಹೊಸಕೋಟೆ

ರಿಸಲ್ಟ್ ಬಂತು. ಆರು ಅಡಿ ಆಳದ್ದು: 1,000 ಸಿಸಿ ಕಟರಿನಲ್ಲಿ ಮಣ್ಣು 1,480 ಗ್ರಾಂ, ತೇವಾಂಶ 7, ಲಿಕ್ವಿಡ್ ಲಿಮಿಟ್ 31. ಯಂತ್ರದಲ್ಲಿ ಚದರ ಮೀಟರಿಗೆ 20 ಟನ್ ಒತ್ತಡದಲ್ಲಿ ನೀರು ಬಿಟ್ಟಾಗ 5.8 ಪರ್ಸೆಂಟ್, 13 ಟನ್‌ನಲ್ಲಿ 4.5 ಪರ್ಸೆಂಟ್ ಕುಸಿತ. ಮೂಲ ನೆಲದ್ದು 1 ಪರ್ಸೆಂಟಿಗಿಂತ ಕಮ್ಮಿ. ಇದು ಒಳ್ಳೆಯದಾ ಕೆಟ್ಟದ್ದಾ ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಪ್ರಸಾದ್ ಮಣ್ಣು ಲ್ಯಾಬ್

ನಿಧಾನವಾಗಿ ನೋಡೋಣ. 1,480 ಗ್ರಾಂನಲ್ಲಿ ನೀರು ಕಳೆದರೆ ಒಣ ಮಣ್ಣು 1,383 ಗ್ರಾಂ. ಅಂದರೆ ಒಂದು ಸಿಸಿಗೆ 1.38 ಗ್ರಾಂ. ಮಣ್ಣಿನ ಕಣದ ತೂಕ ನೀರಿನ 2.65 ಪಟ್ಟು ಅಂತ ಹಿಡಿಯೋಣ. ಒಳಗಿರುವ ಖಾಲಿ ಜಾಗವೆಲ್ಲ ನೀರಿನಿಂದ ತುಂಬಿದರೆ ತೇವಾಂಶ ಎಷ್ಟಾಗುತ್ತದೆ ಅನ್ನುವುದು ಹೀಗೆ ಬರುತ್ತದೆ:

```
w = (1/1.38 − 1/2.65) × 100 = 34.7
```

ನಿಮ್ಮ ಲಿಕ್ವಿಡ್ ಲಿಮಿಟ್ 31. ಅಷ್ಟು ನೀರಿಗೇ ಈ ಮಣ್ಣು ಗಂಜಿಯ ಹಾಗೆ ಆಗುತ್ತದೆ. ಅದರ ಹೊಟ್ಟೆಯಲ್ಲಿ 34.7ರಷ್ಟು ನೀರಿಗೆ ಜಾಗ ಇದೆ. ಅಂದರೆ ಪೂರ್ತಿ ನೆಂದರೆ ತನ್ನ ಆಕಾರ ಹಿಡಿದುಕೊಳ್ಳಲು ಆಗುವುದಿಲ್ಲ. ಈ ಲೆಕ್ಕ ಗಿಬ್ಸ್ ಮತ್ತು ಬಾರಾ ಅನ್ನುವವರದು, 1962ರದ್ದು. ಅದೇ ಮಣ್ಣು 1.65ಕ್ಕೆ ಅಡಕವಾಗಿದ್ದರೆ ಉತ್ತರ 23 ಬರುತ್ತಿತ್ತು, ಭಯ ಇರುತ್ತಿರಲಿಲ್ಲ. ಈ ಲೆಕ್ಕವೂ ಅನುಮಾನಕ್ಕೆ ಮಾತ್ರ. ಜೇಡಿ ಜಾಸ್ತಿ ಇರುವ ಮಣ್ಣಿನಲ್ಲಿ ತಪ್ಪುತ್ತದೆ.

ತೂಕ ಇರುವುದು ಯಂತ್ರದ ನಂಬರಿಗೆ. 20 ಟನ್ ಒತ್ತಡದಲ್ಲಿ 1ರಿಂದ 5 ಪರ್ಸೆಂಟ್ ಬಂದರೆ ಸಾಧಾರಣ ತೊಂದರೆ, 5ರಿಂದ 10 ಬಂದರೆ ತೊಂದರೆ ಖಂಡಿತ ಅಂತ ಜೆನ್ನಿಂಗ್ಸ್ ಮತ್ತು ನೈಟ್ ಇಟ್ಟ ಅಳತೆ. ನಿಮ್ಮದು 5.8.

ಮನೆಗೆ ಇದನ್ನು ಹಾಕಿ ನೋಡಿ. ಐದು ಅಡಿಗೆ ಫುಟಿಂಗ್ ಇಟ್ಟರೆ ಈಶಾನ್ಯದಲ್ಲಿ ಅದರ ಕೆಳಗೆ ಇನ್ನೂ ನಾಲ್ಕು ಅಡಿ ತುಂಬು ಉಳಿಯುತ್ತದೆ, 120 ಸೆಂಟಿಮೀಟರ್. ಫುಟಿಂಗ್ 13 ಟನ್ ಹೇರಿದರೆ ಅದರ 4.5 ಪರ್ಸೆಂಟ್, ಅಂದರೆ 5.4 ಸೆಂಟಿಮೀಟರ್. ಎರಡು ಇಂಚಿಗೆ ಸ್ವಲ್ಪ ಜಾಸ್ತಿ. ಪಕ್ಕದ ಮನೆ ಎಷ್ಟು ಇಳಿಯಿತು ಅಂದಿರಿ? ನೈಋತ್ಯದ ಫುಟಿಂಗ್ ಮೂಲ ನೆಲದ ಮೇಲೆ ಕೂತಿರುತ್ತದೆ, ಅದು ಅಲುಗುವುದಿಲ್ಲ. ಮನೆಯನ್ನು ಹರಿಯುವುದು ಈ ವ್ಯತ್ಯಾಸವೇ.

ಸುನೀತಾ ಹೊಸಕೋಟೆ

ಎರಡು ಇಂಚು. ಓದಿ ಕೈ ತಣ್ಣಗಾಯಿತು ಸರ್.

ಶಿವು ಸ್ಟ್ರಕ್ಚರಲ್

ಸರ್, ಒಪ್ಪಿದೆ. ಇನ್ನು ಮೇಲೆ ರಿಪೋರ್ಟಿನಲ್ಲಿ ತೇವಾಂಶ ಮತ್ತು ಒಣ ಸಾಂದ್ರತೆ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಆದರೆ ಪರಿಹಾರದಲ್ಲಿ ನನ್ನ ಮಾತು ಬೇರೆ. ಒಂಬತ್ತು ಅಡಿ ಮಣ್ಣು ತೆಗೆದು ಮತ್ತೆ ತುಂಬುವುದನ್ನು 30-40 ಸೈಟಿನಲ್ಲಿ ಸರಿಯಾಗಿ ಮಾಡಿಸುವುದು ಕಷ್ಟ. ಪಕ್ಕದ ಮನೆ ಬೇರೆ ಆಗಲೇ ಬಿರುಕು ಬಿಟ್ಟಿದೆ, ಅದರ ಮಗ್ಗುಲಲ್ಲೇ ಒಂಬತ್ತು ಅಡಿ ಅಗೆದರೆ? ಕಾಲಂ ಇಳಿಸಿ, ನೆಲವನ್ನು ಸ್ಲ್ಯಾಬ್ ಮಾಡುವುದೇ ವಾಸಿ.

ಪ್ರಸಾದ್ ಮಣ್ಣು ಲ್ಯಾಬ್

ಪಕ್ಕದ ಮನೆಯ ಮಾತು ಸರಿ, ಅದು ನನಗೂ ಚಿಂತೆ. ಆ ಕಡೆ ತುಂಡು ತುಂಡಾಗಿ ಅಗೆಯಬೇಕಾಗುತ್ತದೆ. ಆದರೆ ಪೈಪು, ಸಂಪು, ಕಾಂಪೌಂಡ್ ಎಲ್ಲ ಆ ತುಂಬಿನಲ್ಲೇ ಉಳಿಯುತ್ತವಲ್ಲ ಶಿವು? ನನಗಾದರೆ ಮಣ್ಣನ್ನೇ ಸರಿ ಮಾಡಿಸುವುದು ಇಷ್ಟ.

ಮಾಡಿಸುವುದಾದರೆ ಒಂದು ವಿಷಯ. ಒಣ ಮಣ್ಣನ್ನು ಎಷ್ಟು ಬಡಿದರೂ ಕೆಲಸ ಆಗುವುದಿಲ್ಲ. ಕಮ್ಮಿ ತೇವದಲ್ಲಿ ಒತ್ತಿದ ಕೆಂಪು ಮಣ್ಣು ಮತ್ತೆ ನೀರು ಬಿದ್ದಾಗ ಕುಸಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನ ಈ ಗುಣವನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಭ್ಯಾಸ ಮಾಡಿದ್ದಾರೆ. ಎಷ್ಟು ತೇವದಲ್ಲಿ ಮಣ್ಣು ಚೆನ್ನಾಗಿ ಅಡಕವಾಗುತ್ತದೆ ಅಂತ ಹೇಳುವ ಪ್ರಾಕ್ಟರ್ ಟೆಸ್ಟ್ ಮಾಡಿಸಿ. ಹದ 15 ಪರ್ಸೆಂಟ್ ಅಂತ ಬಂದರೆ ಈಗಿರುವ 7ಕ್ಕೆ ಇನ್ನೂ 8 ಸೇರಿಸಬೇಕು. ಅಂದರೆ ಒಂದು ಘನ ಮೀಟರ್ ಮಣ್ಣಿಗೆ ಸುಮಾರು 110 ಲೀಟರ್ ನೀರು. ಹಿಂದಿನ ದಿನವೇ ಬೆರೆಸಿ ಗುಡ್ಡೆ ಹಾಕಿ ಮುಚ್ಚಿಡಿ. 20 ಸೆಂಟಿಮೀಟರ್ ಪದರ, ಚಿಕ್ಕ ರೋಲರ್. ಪ್ರತಿ ಎರಡು ಪದರಕ್ಕೆ ಕಟರ್ ಹಾಕಿ ತೂಗಿ. ಒಣ ಸಾಂದ್ರತೆಯ ಗುರಿ 1.71 ಇದ್ದರೆ ಕಟರಿನ ಮಣ್ಣು ಹತ್ತಿರ ಹತ್ತಿರ 1,960 ಗ್ರಾಂ ತೂಗಬೇಕು. ಈಗ ತೂಗಿದ್ದು 1,480, ನೆನಪಿರಲಿ.

ರಂಗಸ್ವಾಮಿ ಮೇಸ್ತ್ರಿ

ಮಣ್ಣು ಹದ ಬಂದಿದೆಯಾ ಅಂತ ಕೈಯಲ್ಲೇ ಗೊತ್ತಾಗುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಎರಡಾಗಿ ಮುರಿದರೆ ಪುಡಿ ಆಗಬಾರದು, ಅಂಗೈ ಒದ್ದೆ ಆಗಬಾರದು. ಲ್ಯಾಬಿನವರು ಬರುವ ತನಕ ನಾವು ಕಾಯುತ್ತಾ ಕೂರುವುದಿಲ್ಲವಲ್ಲ.

ಪ್ರಸಾದ್ ಮಣ್ಣು ಲ್ಯಾಬ್

ಇದಕ್ಕೆ ನನ್ನ ಸಹಿ ಇದೆ ರಂಗಣ್ಣ. ಕೈ ನಿಮ್ಮದು, ತಕ್ಕಡಿ ನಮ್ಮದು, ಎರಡೂ ಇರಲಿ.

ವಾಣಿ ಭಟ್

ಸಂಪ್ ಎಲ್ಲಿಡುತ್ತೀರಿ ಸುನೀತಾ? ಮಳೆನೀರಿನ ಇಂಗುಗುಂಡಿ ಬೇರೆ ಮಾಡಬೇಕಲ್ಲ?

ಸುನೀತಾ ಹೊಸಕೋಟೆ

ಸಂಪ್ ಈಶಾನ್ಯದಲ್ಲೇ ಇರಲಿ ಅಂತ ಅತ್ತೆ. ಆದರೆ ಗೋಡೆಯಿಂದ ದೂರ, ಮೂಲ ನೆಲದ ಮೇಲೆ ಕೂರಿಸಿ, ಪೈಪನ್ನು ನೆಲದ ಮೇಲೆ ಕಣ್ಣಿಗೆ ಕಾಣುವ ಹಾಗೆ ತರುತ್ತೇವೆ. ಇಂಗುಗುಂಡಿ ನೈಋತ್ಯದ ರಸ್ತೆ ಕಡೆಗೆ. ಅದಕ್ಕೆ ಅತ್ತೆ ಇನ್ನೂ ಒಪ್ಪಿಲ್ಲ.

ಇನ್ನೊಂದು ತಲೆನೋವು ಇವತ್ತು ಗೊತ್ತಾಯಿತು. ಹಿಂದಿನ ಸೈಟಿನವರ ಇಂಗುಗುಂಡಿ ನಮ್ಮ ಗಡಿಯಿಂದ ಮೂರು ಅಡಿಗೆ ಇದೆ, ಅದೇ ತುಂಬಿದ ಮಣ್ಣಿನಲ್ಲಿ. ನಾವು ಎಷ್ಟು ಜಾಗ್ರತೆ ಮಾಡಿದರೂ ಅವರ ನೀರು ನಮ್ಮ ಕೆಳಗೆ ಬರುತ್ತದೆ ಅಲ್ವಾ ಸರ್?

ಪ್ರಸಾದ್ ಮಣ್ಣು ಲ್ಯಾಬ್

ಬರುತ್ತದೆ. ನಿಮ್ಮದು ಸರಿಯಾಗಿ ಅಡಕವಾದರೆ ನಿಮಗೆ ಚಿಂತೆ ಕಮ್ಮಿ. ಆದರೆ ಅವರ ಮನೆಯೂ ಅದೇ ತುಂಬಿನ ಮೇಲೆ ಇದೆ. ಅವರಿಗೆ ಹೇಳಿದ್ದೀರಾ?

ಸುನೀತಾ ಹೊಸಕೋಟೆ

ಸಂಜೆ ಹೋಗುತ್ತೇನೆ. ಎರಡು ಕೋಲೂ ಹಾಗೇ ಎತ್ತಿಟ್ಟಿದ್ದೇನೆ, ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ.